ಹೆಸರು ಹಾಕದಿದ್ದರೂ ಸಿಕ್ಕಿಬೀಳುತ್ತಾರೆ

‘ಜೀವ ಹೋದರೂ ಸೋರ್ಸ್ ಹೆಸರು ಹೇಳಲ್ಲ’ ಅಂತ ವರದಿಗಾರರು ಹೇಳುವುದನ್ನು ನೀವೂ ಕೇಳಿರುತ್ತೀರಿ. ನಾನು ಅದನ್ನು ಗೌರವಿಸುತ್ತೇನೆ. ಆದರೆ ಎಷ್ಟೋ ಸಲ ಯಾರೂ ಬಂದು ಹೆಸರು ಕೇಳುವುದೇ ಇಲ್ಲ. ನಾವು ಕೊಟ್ಟ ಕಾಗದದಲ್ಲೇ ಉತ್ತರ ಇರುತ್ತದೆ.

2017ರಲ್ಲಿ ಅಮೆರಿಕದಲ್ಲಿ ಆಗಿದ್ದು ಇದೇ. ರಿಯಾಲಿಟಿ ವಿನ್ನರ್ ಅನ್ನುವ 25 ವರ್ಷದ ಯುವತಿ ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ಎನ್‌ಎಸ್‌ಎ ಅನ್ನುವ ಸರ್ಕಾರಿ ಗುಪ್ತಚರ ಸಂಸ್ಥೆಗೆ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದಳು. 2016ರ ಚುನಾವಣೆಗೆ ಮುಂಚೆ ರಷ್ಯಾದ ಮಿಲಿಟರಿ ಗುಪ್ತಚರರು ಮತದಾನದ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕನ್ನ ಹಾಕಲು ನೋಡಿದ್ದರು ಅನ್ನುವ ಗುಪ್ತ ವರದಿ ಅವಳ ಕಣ್ಣಿಗೆ ಬಿತ್ತು. ಮೇ 9ರಂದು ಅದನ್ನು ಪ್ರಿಂಟ್ ತೆಗೆದು, ಮಡಚಿ ಹೊರಗೆ ತಂದು, ದಿ ಇಂಟರ್‌ಸೆಪ್ಟ್ ಅನ್ನುವ ಸುದ್ದಿತಾಣಕ್ಕೆ ಅಂಚೆಯಲ್ಲಿ ಕಳಿಸಿದಳು. ಹೆಸರು ಬರೆದಿರಲಿಲ್ಲ. ಕಳಿಸಿದ್ದು ಯಾರು ಅಂತ ವರದಿಗಾರರಿಗೂ ಗೊತ್ತಿರಲಿಲ್ಲ.

ದಾಖಲೆ ಅಸಲಿಯೋ ನಕಲಿಯೋ ನೋಡಲೇಬೇಕು. ಅದು ತಪ್ಪಲ್ಲ. ನೋಡಿದ ರೀತಿಯಲ್ಲಿ ಎಡವಟ್ಟಾಯಿತು. ವರದಿಗಾರರೊಬ್ಬರು ಪರಿಚಯದ ಇನ್ನೊಬ್ಬ ಸರ್ಕಾರಿ ಗುತ್ತಿಗೆದಾರನಿಗೆ ಪುಟಗಳ ಫೋಟೊ ಕಳಿಸಿ, ಲಕೋಟೆ ಮೇಲೆ ಅಗಸ್ಟಾದ ಅಂಚೆ ಮುದ್ರೆ ಇದೆ ಅಂತಲೂ ಹೇಳಿಬಿಟ್ಟರು. ಅವನು ಹೋಗಿ ಸಂಸ್ಥೆಗೆ ತಿಳಿಸಿದ. ಅದರ ಜೊತೆಗೆ, ಪ್ರತಿಕ್ರಿಯೆ ಕೇಳುವಾಗ ದಾಖಲೆಯ ಪ್ರತಿಯನ್ನೇ ಎನ್‌ಎಸ್‌ಎ ಕೈಗೆ ಕೊಟ್ಟರು. ಅಲ್ಲಿನವರು ಪುಟದಲ್ಲಿ ಮಡಚಿದ ಗೆರೆ ನೋಡಿದರು. ಅಂದರೆ ಯಾರೋ ಪ್ರಿಂಟ್ ತೆಗೆದು ಕೈಯಲ್ಲಿ ಹೊತ್ತೊಯ್ದಿದ್ದಾರೆ. ಪ್ರಿಂಟ್ ತೆಗೆದವರು ಯಾರ್‍ಯಾರು ಅಂತ ಲಾಗ್ ತೆರೆದರೆ ಆರೇ ಜನ. ಆರು ಜನರಲ್ಲಿ ಅದೇ ಸುದ್ದಿತಾಣಕ್ಕೆ ಆಫೀಸ್ ಕಂಪ್ಯೂಟರ್‌ನಿಂದ ಇಮೇಲ್ ಮಾಡಿದ್ದವಳು ಒಬ್ಬಳೇ. ಅದೂ ಬೇರೆ ಯಾವುದೋ ಪಾಡ್‌ಕಾಸ್ಟ್ ವಿಷಯಕ್ಕೆ. ಜೂನ್ 3ಕ್ಕೆ ಎಫ್‌ಬಿಐ ಅವಳ ಮನೆ ಬಾಗಿಲಲ್ಲಿತ್ತು. ವರದಿ ಪ್ರಕಟವಾಗಿದ್ದು ಜೂನ್ 5ಕ್ಕೆ.

ತಾಣದಲ್ಲಿ ಹಾಕಿದ ಪ್ರತಿಯಲ್ಲಿ ಇನ್ನೊಂದು ಸುಳಿವೂ ಇತ್ತು. ಬಹಳಷ್ಟು ಕಲರ್ ಲೇಸರ್ ಪ್ರಿಂಟರ್‌ಗಳು ಪ್ರತಿ ಪುಟದ ಮೇಲೂ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆಗಳನ್ನು ಹಾಕುತ್ತವೆ. ಪ್ರಿಂಟರ್‌ನ ಸೀರಿಯಲ್ ನಂಬರ್, ಪ್ರಿಂಟ್ ತೆಗೆದ ದಿನ, ಗಂಟೆ ಎಲ್ಲ ಅದರಲ್ಲಿರುತ್ತದೆ. ಅವಳು ಸಿಕ್ಕಿದ್ದೇ ಈ ಚುಕ್ಕೆಗಳಿಂದ ಅಂತ ಈಗಲೂ ಜನ ಹೇಳುತ್ತಾರೆ. ನ್ಯಾಯಾಲಯಕ್ಕೆ ಕೊಟ್ಟ ಪ್ರಮಾಣಪತ್ರದಲ್ಲಿ ಚುಕ್ಕೆಗಳ ಮಾತೇ ಇಲ್ಲ. ಪುಟ ಜಗತ್ತಿನ ಕಣ್ಣಿಗೆ ಬೀಳುವ ಮುಂಚೆಯೇ ಅವಳನ್ನು ಹಿಡಿದಾಗಿತ್ತು. ಶಿಕ್ಷೆ 63 ತಿಂಗಳು. ನಮ್ಮ ಕೆಲಸ ಸಾಲದಾಯಿತು ಅಂತ ಇಂಟರ್‌ಸೆಪ್ಟ್‌ನ ಸಂಪಾದಕಿ ಆಮೇಲೆ ಬಹಿರಂಗವಾಗಿ ಒಪ್ಪಿಕೊಂಡರು.

ಅವಳದ್ದೂ ಅಜಾಗರೂಕತೆ ಇತ್ತು, ಆರು ಜನರ ಲಾಗ್‌ನಲ್ಲಿ ಹೇಗೂ ಸಿಗುತ್ತಿದ್ದಳು ಅನ್ನುವವರಿದ್ದಾರೆ. ಇರಬಹುದು. ಆದರೆ ಆಫೀಸ್ ಪ್ರಿಂಟರ್ ಬಳಸಿದವಳಿಗೆ ಅದು ಮೊದಲ ಸಲ. ವರದಿಗಾರರಿಗೆ ಇದು ದಿನದ ಕಸುಬು. ಜಾಸ್ತಿ ಗೊತ್ತಿರುವವರ ಮೇಲೇ ಜಾಸ್ತಿ ಹೊಣೆ ಅಲ್ವಾ?

ಹಾಗಾದರೆ ಪರಿಶೀಲನೆ ಹೇಗೆ? ಪ್ರತಿ ಕೊಡದೆ, ಅದರಲ್ಲಿರುವ ವಿಷಯವನ್ನು ನಮ್ಮ ಮಾತಿನಲ್ಲಿ ಬರೆದು ಪ್ರಶ್ನೆಯಾಗಿ ಕೇಳಬೇಕು. ಇಂಥ ದಿನ ಇಂಥ ಆದೇಶ ಆಗಿದೆಯಾ, ಇಷ್ಟು ಹಣ ಬಿಡುಗಡೆಯಾಗಿದೆಯಾ ಅಂತ. ಸಾಕ್ಷಿಯಾಗಿ ತೋರಿಸಲೇಬೇಕಾದರೆ ಹೊಸದಾಗಿ ಟೈಪ್ ಮಾಡಿದ ಸಾಲುಗಳನ್ನು ಹಾಕಬೇಕು, ಫೋಟೊ ಅಲ್ಲ. ಇದರಿಂದ ಓದುಗರ ನಂಬಿಕೆ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆ ನಷ್ಟ ಪತ್ರಿಕೆಯ ತಲೆ ಮೇಲೆ ಬೀಳಲಿ.

ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಇದು ಇನ್ನೂ ಕಷ್ಟ. ಕಡತದ ಒಂದು ಪುಟದ ಫೋಟೊ ವಾಟ್ಸಾಪ್‌ನಲ್ಲಿ ಬರುತ್ತದೆ. ಅಂಚಿನಲ್ಲಿ ಕೈಬರಹದ ಷರಾ, ಮೂಲೆಯಲ್ಲಿ ಇನ್‌ವರ್ಡ್ ನಂಬರ್, ಹಿಂದೆ ಮೇಜಿನ ಬಟ್ಟೆ. ಆ ಷರಾ ಬಿದ್ದ ಮೇಲೆ ಕಡತ ಯಾರ್‍ಯಾರ ಮೇಜಿಗೆ ಹೋಯಿತು ಅಂತ ಸಾಹೇಬರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಚಾನೆಲ್‌ನವರು ಆ ಪುಟಕ್ಕೇ ಕೆಂಪು ಸುತ್ತು ಹಾಕಿ ದಿನವಿಡೀ ತೋರಿಸುತ್ತಾರೆ. ‘ಹೆಸರು ಹೇಳಲಿಚ್ಛಿಸದ ಕಂದಾಯ ಸಿಬ್ಬಂದಿ’ ಅಂತ ಬರೆದರೂ ಅಷ್ಟೇ. ಆ ವಿಭಾಗದಲ್ಲಿ ಇರುವುದೇ ಇಬ್ಬರಾದರೆ ಏನು ಮುಚ್ಚಿಟ್ಟ ಹಾಗಾಯಿತು?

ಇದೇ ಪತ್ರಿಕೆಗಳು ರಾಜಕೀಯ ಸುದ್ದಿಗೆ ಬಂದರೆ ‘ಬಲ್ಲ ಮೂಲಗಳು ತಿಳಿಸಿವೆ’ ಅಂತ ಧಾರಾಳವಾಗಿ ಬರೆಯುತ್ತವೆ. ಎದುರಾಳಿಯ ಮೇಲೆ ಕೆಸರು ಎರಚುವ ಮುಖಂಡನಿಗೆ ಪೂರ್ತಿ ಮರೆ. ಹೆಸರು ಹೊರಬಿದ್ದರೆ ಅವನಿಗೆ ಹೋಗುವುದೇನು? ಸ್ವಲ್ಪ ಮುಜುಗರ, ಅಷ್ಟೇ. ಅಂಥವರು ಹೆಸರು ಹಾಕಬೇಡಿ ಅಂದರೆ ಸುದ್ದಿಯನ್ನೇ ಬಿಡಬೇಕು. ಕೆಲಸವನ್ನೋ ಜೀವವನ್ನೋ ಪಣಕ್ಕಿಟ್ಟು ಮಾತಾಡುವ ಗುಮಾಸ್ತನಿಗೆ ಆ ಮರೆ ಬೇಕು.

ಕಾನೂನು ಕಾಪಾಡುತ್ತದೆ ಅಂತ ನಂಬಿ ಕೂರುವಂತಿಲ್ಲ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಸೋರ್ಸ್ ಯಾರು ಅಂತ ಹೇಳಿ ಎಂದು ಪತ್ರಕರ್ತರನ್ನು ಒತ್ತಾಯಿಸುವಂತಿಲ್ಲ. ಆದರೆ ಅದು ಕೌನ್ಸಿಲ್‌ನ ವಿಚಾರಣೆಗೆ ಮಾತ್ರ. ಪೊಲೀಸರು ಫೋನ್ ವಶಪಡಿಸಿಕೊಂಡರೆ ಅದು ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಮಾಹಿತಿ ಕೊಡಲು ಬಂದವರಿಗೆ ‘ನಿಮ್ಮ ಹೆಸರು ಬರಲ್ಲ ಬಿಡಿ’ ಅಂತ ಸುಮ್ನೆ ಭರವಸೆ ಕೊಡಬೇಡಿ. ಈ ಕಾಗದ ಇನ್ನೆಷ್ಟು ಜನರ ಹತ್ತಿರ ಇದೆ, ಯಾವ ಫೋನ್‌ನಲ್ಲಿ ಫೋಟೊ ತೆಗೆದಿರಿ, ಅನುಮಾನ ಬಂದರೆ ಮೊದಲು ಯಾರ ಮೇಲೆ ಬರುತ್ತದೆ ಅಂತ ಕೂರಿಸಿಕೊಂಡು ಕೇಳಿ. ಉತ್ತರ ಕೇಳಿದ ಮೇಲೆ ಅವರೇ ‘ಬೇಡ ಸಾರ್, ಹಾಕಬೇಡಿ’ ಅಂದರೆ ಹಾಕಬೇಡಿ.