ಶೇ. 3ರ ಮುನ್ನಡೆಯನ್ನು ಬಣ್ಣದ ಪಟ್ಟಿಯಾಗಿ ತೋರಿಸಿ

ಚುನಾವಣೆ ಬಂತೆಂದರೆ ಟಿವಿಯಲ್ಲಿ ಎರಡು ಕಂಬಗಳ ಚಾರ್ಟ್ ಶುರುವಾಗುತ್ತದೆ. ಒಂದು ಪಕ್ಷಕ್ಕೆ ಶೇ. 40, ಇನ್ನೊಂದಕ್ಕೆ ಶೇ. 37 ಅಂದುಕೊಳ್ಳಿ. ಕಂಬಗಳನ್ನು ಸೊನ್ನೆಯ ಬದಲು 34ರಿಂದ ಏಳಿಸಿದರೆ ಒಂದು ಇನ್ನೊಂದರ ಎರಡರಷ್ಟು ಎತ್ತರ ಕಾಣುತ್ತದೆ. ನೋಡಿದವರು ಚುನಾವಣೆ ಮುಗಿದೇ ಹೋಯಿತು ಅಂದುಕೊಳ್ಳುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಆ ಸಮೀಕ್ಷೆಯಲ್ಲಿ 1,000 ಜನರನ್ನು ಕೇಳಿದ್ದರೆ ಮಾರ್ಜಿನ್ ಆಫ್ ಎರರ್, ಅಂದರೆ ಅಂಕಿ ಆಕಸ್ಮಿಕವಾಗಿ ನಿಜಕ್ಕಿಂತ ಮೇಲೆ ಕೆಳಗೆ ಹೋಗಿರಬಹುದಾದ ಮಿತಿ, ಸುಮಾರು 3 ಶೇಕಡಾ ಅಂಶ ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಆದರೆ ಆ 3 ಒಂದೊಂದು ಪಕ್ಷದ ಮತಪ್ರಮಾಣಕ್ಕೆ ಸಂಬಂಧಿಸಿದ್ದು. ನಾವು ನೋಡುತ್ತಿರುವುದು ಎರಡರ ನಡುವಿನ ಅಂತರವನ್ನು. ಸ್ಯಾಂಪಲ್‌ನಲ್ಲಿ ಒಂದು ಪಕ್ಷದವರು ಆಕಸ್ಮಿಕವಾಗಿ ಹೆಚ್ಚು ಸಿಕ್ಕರೆ ಇನ್ನೊಂದು ಪಕ್ಷದವರು ಸಾಮಾನ್ಯವಾಗಿ ಕಡಿಮೆ ಸಿಕ್ಕಿರುತ್ತಾರೆ, ಹಾಗಾಗಿ ಅಂತರದ ಮೇಲೆ ಪೆಟ್ಟು ಎರಡೂ ಕಡೆಯಿಂದ ಬೀಳುತ್ತದೆ. ಲೆಕ್ಕ ಹಾಕಿದರೆ ಅಂತರದ ಮಾರ್ಜಿನ್ ಸುಮಾರು 5.4 ಅಂಶ. ಅಂದರೆ 3ರ ಮುನ್ನಡೆ ನಿಜದಲ್ಲಿ 8.4 ಇರಬಹುದು, 2.4 ಅಂಶಗಳ ಹಿನ್ನಡೆಯೂ ಆಗಿರಬಹುದು. "ಮುನ್ನಡೆ 4, ಮಾರ್ಜಿನ್ 3, ಹಾಗಾಗಿ ಗೆಲುವು ಖಚಿತ" ಎನ್ನುವ ವಾದ ನಿಲ್ಲದಿರುವುದು ಇದೇ ಕಾರಣಕ್ಕೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಎರಡು ಕಂಬಗಳ ಜೊತೆಗೆ ಮುನ್ನಡೆಗೇ ಒಂದು ಪ್ರತ್ಯೇಕ ಚಾರ್ಟ್ ಇರಲಿ. ಮಧ್ಯದಲ್ಲಿ ಸೊನ್ನೆಯ ಗೆರೆ, 3ರ ಹತ್ತಿರ ಒಂದು ಚುಕ್ಕಿ, ಅದರ ಎರಡೂ ಬದಿಗೆ −2.4ರಿಂದ 8.4ರವರೆಗೆ ಬಣ್ಣದ ಪಟ್ಟಿ. ಪಟ್ಟಿ ಸೊನ್ನೆಯನ್ನು ದಾಟಿರುವುದು ಕಣ್ಣಿಗೆ ತಾನಾಗೇ ಬೀಳುತ್ತದೆ. ಬಣ್ಣ ಮಾತ್ರ ನಡುವೆ ಗಾಢವಾಗಿದ್ದು ಅಂಚಿಗೆ ಹೋದಂತೆ ತಿಳಿಯಾಗಬೇಕು. ಒಂದೇ ಬಣ್ಣ ಬಳಿದರೆ ಅಂಚಿನ −2 ಕೂಡ ನಡುವಿನ 3ರಷ್ಟೇ ಸಂಭವನೀಯ ಎಂಬ ತಪ್ಪು ಅರ್ಥ ಬರುತ್ತದೆ, ಇಬ್ಬರೂ ಸರಿಸಮ ಎಂದು ಓದಿಕೊಳ್ಳುತ್ತಾರೆ. ಹಾಗೇನಿಲ್ಲ, ಮುಂದಿರುವವರು ಮುಂದಿರುವ ಸಾಧ್ಯತೆಯೇ ಹೆಚ್ಚು, ಖಚಿತವಿಲ್ಲ ಅಷ್ಟೇ.

ನಮ್ಮ 2018ರ ವಿಧಾನಸಭಾ ಚುನಾವಣೆಯನ್ನೇ ನೋಡಿ. ಕಾಂಗ್ರೆಸ್‌ಗೆ ಶೇ. 38ರಷ್ಟು, ಬಿಜೆಪಿಗೆ ಶೇ. 36ರಷ್ಟು ಮತ, ಅಂತರ ಸುಮಾರು 1.8 ಅಂಶ. ಅಷ್ಟು ಸಣ್ಣ ಅಂತರದ ಪಟ್ಟಿ ಸೊನ್ನೆಯನ್ನು ಮುಟ್ಟದಿರಬೇಕಾದರೆ ಕನಿಷ್ಠ 8,800 ಜನರನ್ನಾದರೂ ಕೇಳಬೇಕು. ಅದೂ ರಾಜ್ಯದ ಮತದಾರರಲ್ಲಿ ಯಾರನ್ನು ಬೇಕಾದರೂ ಚೀಟಿ ಎತ್ತಿದಂತೆ ಆರಿಸಿದ್ದರೆ. ಕೆಲವೇ ಬೂತ್‌ಗಳಿಗೆ ಹೋಗಿ ಒಂದೇ ಬೀದಿಯ ಹತ್ತಾರು ಮನೆಗಳನ್ನು ಕೇಳಿದರೆ ಅಕ್ಕಪಕ್ಕದವರ ಉತ್ತರ ಒಂದೇ ಥರ ಇರುತ್ತದೆ, ಪಟ್ಟಿ ಇನ್ನೂ ಅಗಲವಾಗಬೇಕು. ಇನ್ನು ಸೀಟುಗಳ ಕಥೆಯೇ ಬೇರೆ: ಮತದಲ್ಲಿ ಹಿಂದಿದ್ದ ಬಿಜೆಪಿ ಆ ಸಲ 104 ಸ್ಥಾನ ಗೆದ್ದು ಅತಿದೊಡ್ಡ ಪಕ್ಷವಾಯಿತು.

ಈ ಪಟ್ಟಿಯೊಳಗೆ ಬರುವುದು ಸ್ಯಾಂಪಲ್‌ನ ಆಕಸ್ಮಿಕ ಏರುಪೇರು ಮಾತ್ರ. ಬಾಗಿಲು ತೆರೆಯದವರು, ಹೆದರಿ ಬೇರೆ ಪಕ್ಷದ ಹೆಸರು ಹೇಳಿದವರು, ಕೊನೆಯ ವಾರ ಮನಸ್ಸು ಬದಲಿಸಿದವರು ಅದರಲ್ಲಿ ಇಲ್ಲ. ಅದಕ್ಕೇ ಯಾವ ದಿನಗಳಲ್ಲಿ, ಎಷ್ಟು ಜನರನ್ನು, ಫೋನಿನಲ್ಲೋ ಮನೆಗೆ ಹೋಗಿಯೋ ಕೇಳಿದ್ದು ಎಂಬುದನ್ನು ಚಾರ್ಟಿನ ಕೆಳಗೆ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಲಿ.