ಗ್ರಾಫ್‌ನ ಎರಡು ಗೆರೆ ನೋಡಿ ಓವರ್‌ಫಿಟ್ಟಿಂಗ್ ಅನ್ನಬೇಡಿ

ಮೊನ್ನೆ ಪರಿಚಯದ ಹುಡುಗನೊಬ್ಬ ಒಂದು ಗ್ರಾಫ್ ಕಳಿಸಿದ. ಮಷೀನ್ ಲರ್ನಿಂಗ್ ಕಲಿಯೋಕೆ ಶುರು ಮಾಡಿ ಮೂರು ತಿಂಗಳಾಗಿದೆ. ಕನ್ನಡದ ಸಿನಿಮಾ ವಿಮರ್ಶೆ ಓದಿ, ಮೆಚ್ಚಿ ಬರೆದದ್ದೋ ತೆಗಳಿ ಬರೆದದ್ದೋ ಅಂತ ಹೇಳುವ ಮಾಡೆಲ್ ಅದು. ಕಲಿಸಿದ ಡೇಟಾದ ಮೇಲಿನ ತಪ್ಪಿನ ಅಳತೆಯಾದ ಟ್ರೈನಿಂಗ್ ಲಾಸ್ ಇಳಿಯುತ್ತಲೇ ಇದೆ, ಕಲಿಸದೆ ಪರೀಕ್ಷೆಗೆ ಇಟ್ಟ ಡೇಟಾದ ಮೇಲಿನ ವ್ಯಾಲಿಡೇಶನ್ ಲಾಸ್ 5ನೇ ಎಪಾಕ್‌ನಿಂದ, ಅಂದರೆ ಡೇಟಾವನ್ನೆಲ್ಲ ಐದನೇ ಸಲ ಓದಿದಾಗಿನಿಂದ, ಏರುತ್ತಿದೆ. "ಅಣ್ಣ, ಓವರ್‌ಫಿಟ್ ಆಗಿದೆ. 5ನೇ ಎಪಾಕ್‌ನದ್ದೇ ಇಟ್ಕೊಂಡೆ, ಮಿಕ್ಕಿದ್ದು ಅಳಿಸಿಬಿಡ್ತೀನಿ" ಅಂದ. ಓವರ್‌ಫಿಟ್ ಅಂದರೆ ಮಾಡೆಲ್ ಕಲಿಸಿದ್ದನ್ನು ಬಾಯಿಪಾಠ ಮಾಡಿ ಹೊಸದರಲ್ಲಿ ಎಡವುವುದು.

ಅಳಿಸಬೇಡ, ಮೊದಲು ಅಕ್ಯುರೆಸಿ ಎಷ್ಟಿದೆ ಹೇಳು ಅಂದೆ. ಅದನ್ನು ಅವನು ನೋಡಿರಲೇ ಇಲ್ಲ. ನೋಡಿದರೆ 20ನೇ ಎಪಾಕ್‌ನಲ್ಲಿ ಅಕ್ಯುರೆಸಿ 5ನೇದಕ್ಕಿಂತ ಜಾಸ್ತಿ ಇತ್ತು! ಲಾಸ್ ಕೆಟ್ಟಿದೆ, ಆದರೆ ಉತ್ತರ ಸುಧಾರಿಸಿದೆ. ಇದು ಹೇಗೆ ಸಾಧ್ಯ ಅಂತ ಅವನಿಗೆ ಗಾಬರಿ.

ಇದು ಅಪರೂಪವೇನಲ್ಲ. ಇಲ್ಲಿ ಲಾಸ್ ಅಂದರೆ ಕ್ರಾಸ್ ಎಂಟ್ರೊಪಿ. ಸರಿಯಾದ ಉತ್ತರಕ್ಕೆ ಮಾಡೆಲ್ ಎಷ್ಟು ಸಂಭವನೀಯತೆ ಕೊಟ್ಟಿತೋ ಅದರ ನ್ಯಾಚುರಲ್ ಲಾಗ್ ತೆಗೆದು, ಮುಂದೆ ಮೈನಸ್ ಹಾಕಿದರೆ ಆಯ್ತು. ಉತ್ತರ ಸರಿಯಿದ್ದಾಗ ನಂಬಿಕೆ 0.8ರಿಂದ 0.99ಕ್ಕೆ ಏರಿದರೆ ಲಾಸ್ 0.22ರಿಂದ 0.01ಕ್ಕೆ ಬರುತ್ತೆ. ಅಲ್ಲಿಗೆ ಮುಗೀತು, ಸೊನ್ನೆಗಿಂತ ಕೆಳಗೆ ಜಾಗವೇ ಇಲ್ಲ. ಆದರೆ ತಪ್ಪು ಉತ್ತರವನ್ನು ಅಷ್ಟೇ ಗಟ್ಟಿಯಾಗಿ ಹೇಳಿದರೆ? ಸರಿ ಉತ್ತರಕ್ಕೆ ಕೊಟ್ಟ ಪಾಲು 0.2ರಿಂದ 0.01ಕ್ಕೆ ಇಳಿಯುತ್ತೆ, ಲಾಸ್ 1.6ರಿಂದ 4.6ಕ್ಕೆ ಹಾರುತ್ತೆ. ಮೇಲಕ್ಕೆ ಮಿತಿಯೇ ಇಲ್ಲ.

ಲೆಕ್ಕ ಸುಲಭವಾಗಲಿ ಅಂತ ಅವನಿಗೆ ಹೀಗೆ ಬರೆದು ತೋರಿಸಿದೆ. 1000 ವಿಮರ್ಶೆ ಇವೆ ಅಂದ್ಕೊಳ್ಳಿ. 5ನೇ ಎಪಾಕ್‌ನಲ್ಲಿ 850 ಸರಿ, 150 ತಪ್ಪು, ಎಲ್ಲದರಲ್ಲೂ ನಂಬಿಕೆ 0.8. ಸರಾಸರಿ ಲಾಸ್ 0.43. 20ನೇದರಲ್ಲಿ 880 ಸರಿ, 120 ತಪ್ಪು, ನಂಬಿಕೆ 0.99. ಸರಾಸರಿ ಲಾಸ್ 0.56. ಆ 120 ತಪ್ಪುಗಳೇ ಲಾಸ್‌ನ ಬಹುಪಾಲು ಹೊತ್ತಿವೆ, ಹೊಸದಾಗಿ ಸರಿಯಾದ 30 ವಿಮರ್ಶೆಗಳ ಲಾಭ ಅದರಡಿ ಮುಚ್ಚಿಹೋಗಿದೆ.

ಟ್ರೈನಿಂಗ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸರಿಯಾದ ಮೇಲೂ ಲಾಸ್ ಇನ್ನೂ ಇಳಿಸಬೇಕು ಅಂದರೆ ಮಾಡೆಲ್‌ಗೆ ಉಳಿದಿರುವ ಸುಲಭದ ದಾರಿ ಸಂಭವನೀಯತೆಯಾಗುವ ಮೊದಲಿನ ಕಚ್ಚಾ ಅಂಕಗಳಾದ ಲಾಜಿಟ್‌ಗಳನ್ನು ದೊಡ್ಡದು ಮಾಡುವುದು, ಅಂದರೆ ಇನ್ನೂ ಗಟ್ಟಿಯಾಗಿ ಹೇಳುವುದು. 2017ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಚುವಾನ್ ಗುವೊ ಮತ್ತು ಜೊತೆಗಾರರು ಆಳವಾದ ನ್ಯೂರಲ್ ನೆಟ್‌ವರ್ಕ್‌ಗಳಲ್ಲಿ ಇದನ್ನೇ ತೋರಿಸಿದರು. ಅದಕ್ಕೆ ಅವರು ಹೇಳಿದ ಮದ್ದು ತುಂಬಾ ಸರಳ, ಟೆಂಪರೇಚರ್ ಸ್ಕೇಲಿಂಗ್. ಲಾಜಿಟ್‌ಗಳನ್ನೆಲ್ಲ T ಅನ್ನುವ ಒಂದೇ ಧನ ಸಂಖ್ಯೆಯಿಂದ ಭಾಗಿಸುವುದು, PyTorchನಲ್ಲಿ ಹೀಗೆ:

```python
F.cross_entropy(logits / T, y)
```

ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದಾಗ ಯಾವುದು ದೊಡ್ಡದು ಅನ್ನೋದು ಬದಲಾಗಲ್ಲ ಅಲ್ವಾ, ಹಾಗಾಗಿ ಅಕ್ಯುರೆಸಿ ಹಾಗೇ ಇರುತ್ತೆ. T 1ಕ್ಕಿಂತ ದೊಡ್ಡದಿದ್ದರೆ ನಂಬಿಕೆ ಮಾತ್ರ ತಗ್ಗುತ್ತೆ. ನಮ್ಮ ಲೆಕ್ಕದಲ್ಲಿ T = 2 ಇಟ್ಟರೆ 0.99 ಇದ್ದದ್ದು ಸುಮಾರು 0.91 ಆಗಿ, 20ನೇ ಎಪಾಕ್‌ನ ಲಾಸ್ 0.37ಕ್ಕೆ ಬರುತ್ತೆ. 5ನೇ ಎಪಾಕ್‌ಗೆ ಅದಕ್ಕೆ ಹೊಂದುವ T ಎಷ್ಟೇ ಹುಡುಕಿದರೂ ಲಾಸ್ 0.42ರ ಆಸುಪಾಸಲ್ಲೇ ನಿಲ್ಲುತ್ತೆ. ಅಂದರೆ ಅವನು ಅಳಿಸಲು ಹೊರಟಿದ್ದೇ ಒಳ್ಳೆಯ ಮಾಡೆಲ್! ಒಂದು ಎಚ್ಚರ: ವ್ಯಾಲಿಡೇಶನ್‌ನ ಅರ್ಧ ಭಾಗದಲ್ಲಿ T ಹುಡುಕಿ, ಇನ್ನರ್ಧದಲ್ಲಿ ಲಾಸ್ ಅಳೆಯಿರಿ.

ಹೀಗೆ ಮಾಡಿದರೂ ಲಾಸ್ ಏರುತ್ತಲೇ ಇದ್ದು, ಅಕ್ಯುರೆಸಿಯೂ ಬೀಳುತ್ತಿದ್ದರೆ? ಓವರ್‌ಫಿಟ್ಟಿಂಗ್ ಇರುವ ಸಾಧ್ಯತೆ ಜಾಸ್ತಿ, ಆದರೆ ಇನ್ನೊಂದು ನೋಡಬೇಕು. ವ್ಯಾಲಿಡೇಶನ್ ಡೇಟಾ ಬೇರೆ ಕಡೆಯಿಂದ ಬಂದಿದೆಯಾ? ಪತ್ರಿಕೆಯ ವಿಮರ್ಶೆಯಲ್ಲಿ ಕಲಿಸಿ, ಯೂಟ್ಯೂಬ್ ಕಾಮೆಂಟ್‌ನಲ್ಲಿ ಪರೀಕ್ಷಿಸಿದರೆ ಗೆರೆಗಳು ಹೀಗೇ ಕಾಣಬಹುದು. ಟ್ರೈನಿಂಗ್ ಡೇಟಾದಿಂದಲೇ ಒಂದು ಪಾಲು ಮೊದಲೇ ತೆಗೆದಿಟ್ಟು, ಮಾಡೆಲ್‌ಗೆ ತೋರಿಸದೆ, ಅದರ ಮೇಲೂ ಲಾಸ್ ಅಳೆಯಿರಿ. ಅಲ್ಲಿ ಇಳಿಯುತ್ತಿದ್ದು ವ್ಯಾಲಿಡೇಶನ್‌ನಲ್ಲಿ ಮಾತ್ರ ಏರುತ್ತಿದ್ದರೆ ಓವರ್‌ಫಿಟ್ಟಿಂಗ್ ತಡೆಯಲು ಬಳಸುವ ಡ್ರಾಪ್‌ಔಟ್ ಹಾಕಿ ದೊಡ್ಡ ಪ್ರಯೋಜನವಿಲ್ಲ, ಕಾಮೆಂಟ್‌ಗಳನ್ನು ಟ್ರೈನಿಂಗ್‌ಗೆ ಸೇರಿಸಬೇಕು. ಎರಡರಲ್ಲೂ ಏರುತ್ತಿದ್ದರೆ ಆಗ ಅದು ಓವರ್‌ಫಿಟ್ಟಿಂಗ್, ನಾನೂ ಒಪ್ಪುತ್ತೇನೆ.

"ನಂಬಿಕೆ ಅತಿಯಾಗೋದೂ ಓವರ್‌ಫಿಟ್ಟಿಂಗೇ ತಾನೆ" ಅಂತ ಕೆಲವರು ಹೇಳುತ್ತಾರೆ. ಸಂಭವನೀಯತೆಯ ಮಟ್ಟಿಗೆ ಅದು ನಿಜ. ಮಾಡೆಲ್ ಕೊಡುವ 0.99 ನೋಡಿ ರೋಗಿಯನ್ನು ಇನ್ನೊಂದು ತಪಾಸಣೆಗೆ ಕಳಿಸಬೇಕೋ ಬೇಡವೋ ಅಂತ ತೀರ್ಮಾನಿಸುವ ಕಡೆ, ಆ ಸಂಖ್ಯೆ ಸುಳ್ಳಾದರೆ ಅಕ್ಯುರೆಸಿ ಚೆನ್ನಾಗಿದೆ ಅನ್ನೋದು ಉತ್ತರವಲ್ಲ. ಅಲ್ಲಿ ಏರುವ ಲಾಸ್ ಸರಿಯಾಗಿಯೇ ಎಚ್ಚರಿಸುತ್ತಿದೆ. ಈ ಹುಡುಗನಿಗೆ ಬೇಕಿದ್ದದ್ದು ಮೆಚ್ಚಿದ್ದೋ ತೆಗಳಿದ್ದೋ ಅನ್ನೋದಷ್ಟೇ. ಅವನು 20ನೇ ಎಪಾಕ್‌ನದ್ದನ್ನೇ ಇಟ್ಟುಕೊಂಡ.