ವೆನಿಸ್‌ನ 53: ಸಾಲ ಇಟ್ಟುಕೊಂಡ ಚೆಂಡು

ಇಟಲಿಯ ಸರ್ಕಾರಿ ಲಾಟರಿ ಲೊಟ್ಟೊದಲ್ಲಿ ವೆನಿಸ್ ಹೆಸರಿನ ಚಕ್ರದ, ಅಂದರೆ ಚೆಂಡು ಎತ್ತುವ ಪೆಟ್ಟಿಗೆಯ, 53ನೇ ಸಂಖ್ಯೆ 2003ರ ಮೇ ತಿಂಗಳಲ್ಲಿ ಒಮ್ಮೆ ಬಂದು ಹೋದದ್ದು, ಮತ್ತೆ ಕಂಡದ್ದು 2005ರ ಫೆಬ್ರುವರಿ 9ರಂದು. ನಡುವೆ ಸುಮಾರು 182 ಡ್ರಾ ಬರಿದಾದವು. ಅಷ್ಟರಲ್ಲಿ ಆ ಒಂದು ಸಂಖ್ಯೆಯ ಮೇಲೆ ಜನ 350 ಕೋಟಿ ಯೂರೋಗೂ ಹೆಚ್ಚು ಸುರಿದರೆಂದು ಪತ್ರಿಕೆಗಳು ಬರೆದವು. ಮನೆ ಅಡ ಇಟ್ಟವರಿದ್ದರು, ಉಳಿತಾಯ ಖಾಲಿ ಮಾಡಿದವರಿದ್ದರು. ಕಡೆಗೆ ಗ್ರಾಹಕರ ಸಂಘಟನೆಯೊಂದು 53ರ ಮೇಲಿನ ಬಾಜಿಯನ್ನೇ ನಿಷೇಧಿಸಿ ಎಂದು ಸರ್ಕಾರಕ್ಕೆ ಮೊರೆಯಿಟ್ಟಿತು. ತಪ್ಪೆಲ್ಲ ಚೆಂಡಿನದೇ ತಾನೇ!

ಆಟ ಸರಳ. ಪ್ರತಿ ಚಕ್ರದಲ್ಲಿ 90 ಚೆಂಡು, ಪ್ರತಿ ಡ್ರಾದಲ್ಲಿ ಐದು ಹೊರಗೆ. ನಿಮ್ಮ ಸಂಖ್ಯೆ ಬರುವ ಸಾಧ್ಯತೆ 90ಕ್ಕೆ 5, ಅಂದರೆ 18ಕ್ಕೆ 1. ನ್ಯಾಯವಾಗಿ ನೋಡಿದರೆ ಗೆದ್ದವರಿಗೆ ಹಾಕಿದ್ದರ 18 ಪಟ್ಟು ಸಿಗಬೇಕು. ಸಿಗುವುದು 11 ಪಟ್ಟು ಚಿಲ್ಲರೆ. ಉಳಿದ ಏಳು ಪಟ್ಟು ಹತ್ತಿರ ಹತ್ತಿರ ಸರ್ಕಾರಕ್ಕೂ ಆಟ ನಡೆಸುವವರಿಗೂ. ನೂರು ಯೂರೋ ಹಾಕಿದರೆ ಸರಾಸರಿ ವಾಪಸ್ಸು ಬರುವುದು 62. ಹೀಗಿರುವಾಗ ಯಾವ ಸಂಖ್ಯೆ ಆರಿಸಬೇಕೆಂದು ತಲೆ ಕೆಡಿಸಿಕೊಳ್ಳುವುದೇ ವ್ಯರ್ಥ, ನಷ್ಟ ಎಲ್ಲ ಸಂಖ್ಯೆಗೂ ಒಂದೇ.

ಆದರೆ ನಮ್ಮ ಬಾಜಿದಾರರು ಲೆಕ್ಕವನ್ನು ಬೇರೆಯೇ ಪುಸ್ತಕದಲ್ಲಿ ಬರೆದರು. 182 ಡ್ರಾದಲ್ಲಿ ಸರಾಸರಿ ಹತ್ತು ಸಲ ಬರಬೇಕಿದ್ದ ಚೆಂಡು ಒಮ್ಮೆಯೂ ಬಂದಿಲ್ಲ. ಹಾಗಾದರೆ ಅದು ಹತ್ತು ಸಲದ ಬಾಕಿ ಇಟ್ಟುಕೊಂಡಿದೆ, ಇನ್ನೇನು ಬಡ್ಡಿ ಸಮೇತ ತೀರಿಸಲೇಬೇಕು! ಚೆಂಡಿಗೆ ಆತ್ಮಸಾಕ್ಷಿ ಇದೆಯೆಂದು ನಂಬಿದ ಇಂಥ ಸಾಲಗಾರಭಕ್ತರು ಬೇರೆಲ್ಲೂ ಸಿಗಲಾರರು. ಪೆಟ್ಟಿಗೆಯೊಳಗಿನ 53ಕ್ಕೆ ತಾನು ಕಳೆದ ವಾರ ಬಂದೆನೋ ಇಲ್ಲವೋ ಗೊತ್ತಿಲ್ಲ. 183ನೇ ಡ್ರಾಗೂ ಸಾಧ್ಯತೆ 18ಕ್ಕೆ 1. ಒಂದನೇ ಡ್ರಾಗೂ ಅಷ್ಟೇ ಇತ್ತು.

ಹಾಗಾದರೆ ‘ದೀರ್ಘಕಾಲದಲ್ಲಿ ಎಲ್ಲ ಸಮವಾಗುತ್ತದೆ’ ಎನ್ನುವ ನಿಯಮ ಸುಳ್ಳೇ? ಸುಳ್ಳಲ್ಲ, ಆದರೆ ಅದು ಬಾಕಿ ತೀರಿಸುವುದಿಲ್ಲ. ಮುಂದೆ ಹತ್ತು ಸಾವಿರ ಡ್ರಾ ನಡೆದು 53 ಸರಾಸರಿಯಂತೆ 556 ಸಲ ಬಂತೆನ್ನಿ. ಒಟ್ಟಿನಲ್ಲಿ ಬರಬೇಕಿದ್ದದ್ದು 566. ಹತ್ತರ ಕೊರತೆ ಹಾಗೇ ಉಳಿದಿದೆ. ಶೇಕಡಾವಾರು ನೋಡಿದರೆ ಮಾತ್ರ 5.56ರ ಬದಲು 5.46. ಕೊರತೆ ತೀರಲಿಲ್ಲ, ದೊಡ್ಡ ಸಂಖ್ಯೆಗಳ ನಡುವೆ ಕರಗಿಹೋಯಿತು.

‘182 ಡ್ರಾ ಬರದೇ ಇರುವುದು ಅಸಾಧ್ಯದ ಮಾತು’ ಎಂದೂ ಕೆಲವರು ಅಂದರು. ಒಂದು ಸಂಖ್ಯೆ ಒಮ್ಮೆ ಬಂದಮೇಲೆ ಅಷ್ಟು ದಿನ ಮರೆಯಾಗುವ ಸಾಧ್ಯತೆ ಸುಮಾರು 33,000ಕ್ಕೆ 1. ಆಗ ಚಕ್ರಗಳು ಹತ್ತು, ಪ್ರತಿ ಡ್ರಾದಲ್ಲಿ 50 ಸಂಖ್ಯೆಗಳು ಹೊರಬಂದು ಹೊಸ ಕಾಯುವಿಕೆ ಶುರುಮಾಡುತ್ತವೆ. ವಾರಕ್ಕೆರಡು ಡ್ರಾದಂತೆ ವರ್ಷಕ್ಕೆ 5,200 ಕಾಯುವಿಕೆ. ಅಂದರೆ ಯಾವುದಾದರೂ ಚಕ್ರದ ಯಾವುದಾದರೂ ಸಂಖ್ಯೆ ಆರೇಳು ವರ್ಷಕ್ಕೊಮ್ಮೆ ಇಷ್ಟು ತಡ ಮಾಡುವುದು ಆಟದ ಸಹಜ ಗುಣ. ಇದನ್ನು ಒಪ್ಪದೆ ಅನುಮಾನ ಪಡುವುದೇ ಆದರೆ, ಚೆಂಡಿನಲ್ಲೇ ಏನೋ ಐಬಿದೆ, ಅದು ಇನ್ನೂ ಬರಲಿಕ್ಕಿಲ್ಲ ಎಂದು ಅನುಮಾನಿಸಬೇಕಿತ್ತು. ಅನುಮಾನಿಸಿದವರು ಅದರ ಮೇಲೆಯೇ ಇನ್ನಷ್ಟು ಹಾಕಿದರು.

ಇನ್ನು ‘ಬಿಡದೆ ಹಾಕುತ್ತಿದ್ದರೆ ಕೊನೆಗೆ ಬಂದೇ ಬರುತ್ತದೆ’ ಎನ್ನುವ ಜಾಣರ ಲೆಕ್ಕ. 53 ನೂರು ಡ್ರಾ ತಪ್ಪಿಸಿಕೊಂಡ ಮೇಲೆ ಒಬ್ಬ ಒಂದು ಯೂರೋದಿಂದ ಶುರುಮಾಡಿದ ಎನ್ನೋಣ. 11 ಪಟ್ಟು ಬಹುಮಾನದಲ್ಲಿ ಹಿಂದಿನದೆಲ್ಲ ವಾಪಸ್ ಬರಬೇಕಾದರೆ, ಮೊದಲ ಹನ್ನೊಂದು ಡ್ರಾ ಕಳೆದಮೇಲೆ ಪ್ರತಿ ಬಾಜಿಯನ್ನೂ ಹತ್ತನೇ ಒಂದು ಭಾಗ ಏರಿಸುತ್ತಾ ಹೋಗಬೇಕು. ಐವತ್ತನೇ ಡ್ರಾಗೆ ಟಿಕೆಟ್ 41 ಯೂರೋ. 83ನೆಯದಕ್ಕೆ 955ರ ಹತ್ತಿರ. ಅಷ್ಟರಲ್ಲಿ ಕೈಯಿಂದ ಹೋದದ್ದು ಒಟ್ಟು ಹತ್ತೂವರೆ ಸಾವಿರ. ಆ ದಿನ 53 ಬಂದರೆ ಕೈಗೆ ಸಿಗುವುದೂ ಹತ್ತೂವರೆ ಸಾವಿರವೇ. ಲಾಭ ಸೊನ್ನೆ! ಮೊದಲ ದಿನದಿಂದಲೇ ಪಟ್ಟು ಹಿಡಿದು ಕೂತಿದ್ದವನಿಗೆ ಕೊನೆಯ ಟಿಕೆಟ್ಟಿಗೆ ಸುಮಾರು ಒಂದು ಕೋಟಿ ಮೂವತ್ತೆರಡು ಲಕ್ಷ ಯೂರೋ ಬೇಕಿತ್ತು. ಅಷ್ಟಿದ್ದವನು ಲಾಟರಿ ಯಾಕೆ ಆಡುತ್ತಾನೆ ಎಂಬುದು ಬೇರೆ ಪ್ರಶ್ನೆ.

ಕೊನೆಗೂ 53 ಬಂತು. ಬಂದಮೇಲೆ ಇನ್ನೊಂದು ತಮಾಷೆ: ಬಂದುಹೋದ ಸಂಖ್ಯೆಯನ್ನು ಜನ ಮುಟ್ಟುವುದಿಲ್ಲ. ಅಮೆರಿಕದ ಮೇರಿಲ್ಯಾಂಡ್‌ನ ಮೂರಂಕಿ ಲಾಟರಿಯಲ್ಲಿ ಅರ್ಥಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಗೆದ್ದ ಸಂಖ್ಯೆಯ ಮೇಲಿನ ಹಣ ತಕ್ಷಣ ಕುಸಿದು, ಕೆಲವು ತಿಂಗಳಲ್ಲಿ ಮೆಲ್ಲಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಚೆಂಡು ಸಾಲ ತೀರಿಸಿ ಸುಸ್ತಾಗಿದೆಯಂತೆ, ಪಾಪ, ಸ್ವಲ್ಪ ದಿನ ವಿಶ್ರಾಂತಿ ಬೇಕಂತೆ. ಇಟಲಿಯಲ್ಲಿ ಪತ್ರಿಕೆಗಳು ತಡವಾದ ಸಂಖ್ಯೆಗಳ ಪಟ್ಟಿ ಅಚ್ಚು ಹಾಕುವುದನ್ನೇನೂ ನಿಲ್ಲಿಸಲಿಲ್ಲ. 53 ಇಳಿದ ಜಾಗಕ್ಕೆ ಇನ್ನೊಂದು ಸಂಖ್ಯೆ ಏರಿತು.